ಹಳೆಯ ಸಂಭಾಷಣೆಯನ್ನು ಹೊಸ ಚಾಟ್‌ಗೆ ಅಂಟಿಸಿದಾಗ ಏನು ದಾಟುತ್ತದೆ: 11 ತಿಂಗಳ ಬಳಕೆಯ ಅನುಭವ

ಅಮ್ಮ ಬರೆದಿಟ್ಟ ಅಡುಗೆಯ ನೋಟ್‌ಬುಕ್ಕನ್ನು ಶುದ್ಧಪ್ರತಿ ಮಾಡಿ, ಒಡಹುಟ್ಟಿದವರ ಮನೆಗಳಿಗೆ ಒಂದೊಂದು ಪ್ರತಿ ಕೊಡುವ ಕೆಲಸಕ್ಕಾಗಿ ನಾನು ಕಳೆದ 11 ತಿಂಗಳಿನಿಂದ ಚಾಟ್ ರೂಪದ ಒಂದು ಭಾಷಾ ಮಾಡೆಲ್ ಸೇವೆಯನ್ನು ತಿಂಗಳ ಚಂದಾ ಕಟ್ಟಿ ಬಳಸುತ್ತಿದ್ದೇನೆ. ಅದರ ವೇಗ, ಬೆಲೆ, ಆವೃತ್ತಿಗಳ ಬಗ್ಗೆ ಈಗಾಗಲೇ ಹಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಒಂದೇ ಸಂಗತಿಯ ಬಗ್ಗೆ: ಒಂದು ಚಾಟ್ ಬಹಳ ಉದ್ದವಾದಾಗ ಅದರ ಪಠ್ಯವನ್ನೆಲ್ಲ ನಕಲು ಮಾಡಿ ಹೊಸ ಚಾಟ್‌ಗೆ ಅಂಟಿಸಿ ಕೆಲಸ ಮುಂದುವರಿಸಿದರೆ, ಆ ಪಠ್ಯದಿಂದ ಮಾಡೆಲ್‌ಗೆ ನಿಜವಾಗಿ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ.

ನನ್ನ ಕ್ರಮ ಹೀಗಿತ್ತು. ರಾತ್ರಿ ಊಟವಾದ ಮೇಲೆ ನೋಟ್‌ಬುಕ್ಕಿನ ಒಂದು ಪುಟದ ಫೋಟೊ ತೆಗೆದು ಕಳುಹಿಸುತ್ತಿದ್ದೆ. ಸೇರು, ಪಾವು, ಚಟಾಕುಗಳಲ್ಲಿದ್ದ ಅಳತೆಗಳನ್ನು ಗ್ರಾಂಗೆ ಬದಲಿಸಿ, ಅಮ್ಮನ ವಾಕ್ಯಗಳನ್ನು ಕೆಡಿಸದಂತೆ ಬರೆದುಕೊಡಲು ಹೇಳುತ್ತಿದ್ದೆ. ತಪ್ಪಿದ್ದಲ್ಲಿ ತಿದ್ದಿಸಿ, ಮಲಗುವ ಮುನ್ನ ಅಂದಿನ ಸಂಭಾಷಣೆಯನ್ನೆಲ್ಲ ನಕಲು ಮಾಡಿ, ದಿನಾಂಕ ಹಾಕಿ ಒಂದು ಫೈಲಿನಲ್ಲಿ ಇಡುತ್ತಿದ್ದೆ. ಮೂರನೆಯ ತಿಂಗಳಿನ ಹೊತ್ತಿಗೆ ಚಾಟ್ ನಿಧಾನವಾಗಿ, ಮೊದಲು ಒಪ್ಪಿಕೊಂಡಿದ್ದ ತಿದ್ದುಪಡಿಗಳನ್ನು ಮರೆಯತೊಡಗಿತು. ಆಗ ಆ ಫೈಲನ್ನು ಹೊಸ ಚಾಟ್‌ಗೆ ಅಂಟಿಸಿ, 'ಇದು ನಮ್ಮ ಈವರೆಗಿನ ಮಾತುಕತೆ, ಇಲ್ಲಿಂದ ಮುಂದುವರಿಸೋಣ' ಎಂದು ಬರೆದೆ. ತಕ್ಷಣವೇ ಒಪ್ಪಿಗೆ ಬಂದಿತು. ಹಿಂದೆ ಮಾತಾಡಿಕೊಂಡದ್ದೆಲ್ಲ ನೆನಪಿದೆ ಎಂಬ ಧಾಟಿಯಲ್ಲಿಯೇ ಉತ್ತರವಿತ್ತು. ನಾನು ಅದನ್ನು ನಂಬಿದೆ.

ನಂಬಿಕೆ ಕದಲಿದ್ದು ಸಾರಿನ ಪುಡಿಯ ಪುಟದಲ್ಲಿ. ಆ ಪುಟದಲ್ಲಿ ಕೊತ್ತಂಬರಿ ಬೀಜ 4 ಪಾವು ಎಂದಿದೆ. ಹಳೆಯ ಚಾಟ್ ಅದನ್ನು 320 ಗ್ರಾಂ ಎಂದು ಬದಲಿಸಿತ್ತು, ಅಂದರೆ ಪಾವಿಗೆ 80 ಗ್ರಾಂ. ಪಾವು ತೂಕದ ಅಳತೆಯಲ್ಲ, ಪಾತ್ರೆಯ ಅಳತೆ. ಅದೇ ಪಾವಿನಲ್ಲಿ ಅಕ್ಕಿ ಹಿಡಿಯುವ ತೂಕ ಬೇರೆ, ಹಗುರವಾದ ಕೊತ್ತಂಬರಿ ಬೀಜ ಹಿಡಿಯುವ ತೂಕ ಬೇರೆ, ಮೇಲಾಗಿ ಪಾವಿನ ಗಾತ್ರವೂ ಮನೆಯಿಂದ ಮನೆಗೆ ಬದಲಾಗುತ್ತದೆ. ಈ ಅಂಕಿ ಎಲ್ಲಿಂದ ಬಂದಿತೆಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಬರೆಯಬೇಕೆನಿಸಿ, ಹೊಸ ಚಾಟ್‌ನಲ್ಲಿ 'ಪಾವಿಗೆ 80 ಗ್ರಾಂ ಎಂದು ಏಕೆ ತೆಗೆದುಕೊಂಡಿರಿ' ಎಂದು ಕೇಳಿದೆ. ಕೊತ್ತಂಬರಿ ಬೀಜದ ಸಾಂದ್ರತೆಯನ್ನು 240 ಮಿಲಿಲೀಟರಿನ ಪಾವಿಗೆ ಗುಣಿಸಿ ಲೆಕ್ಕ ಹಾಕಿದ್ದಾಗಿ ಉತ್ತರ ಬಂದಿತು. ಓದಲು ಬಹಳ ಸಮಂಜಸವಾಗಿತ್ತು. ಆದರೆ ಅಂಟಿಸಿದ ಪಠ್ಯದಲ್ಲಿ 240 ಎಂಬ ಸಂಖ್ಯೆ ಎಲ್ಲಿಯೂ ಇರಲಿಲ್ಲ.

ಅನುಮಾನ ಬಂದು ಅದೇ ಪಠ್ಯವನ್ನು ಇನ್ನೆರಡು ಹೊಸ ಚಾಟ್‌ಗಳಿಗೆ ಅಂಟಿಸಿ, ಅದೇ ಪ್ರಶ್ನೆಯನ್ನು ಅಕ್ಷರವೂ ಬದಲಾಗದಂತೆ ಕೇಳಿದೆ. ಒಂದು ಚಾಟಿನಿಂದ ಈ ಸೇವೆ ಇನ್ನೊಂದು ಚಾಟಿಗೆ ವಿಷಯವನ್ನು ಒಯ್ಯುವ 'ನೆನಪು' ಎಂಬ ಸೌಲಭ್ಯವನ್ನು ಇದಕ್ಕೂ ಮೊದಲೇ ನಿಲ್ಲಿಸಿಟ್ಟಿದ್ದೆ. ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿರುತ್ತಿರಲಿಲ್ಲ. ಎರಡನೆಯ ಚಾಟ್, ನಮ್ಮ ಮನೆಯ ಪಾವು ಚಿಕ್ಕದೆಂದು ನಾನೇ ಹೇಳಿದ್ದೆ ಎಂದಿತು. ನಾನು ಹಾಗೆ ಹೇಳಿರಲೇ ಇಲ್ಲ. ಮೂರನೆಯದು, ತೂಗಲು ಸುಲಭವಾಗಲೆಂದು ದುಂಡು ಸಂಖ್ಯೆಗೆ ಇಳಿಸಿದ್ದಾಗಿ ಹೇಳಿತು. ಹೀಗೆ ಒಂದೇ ಅಂಕಿಗೆ ಮೂರು ಕಾರಣಗಳು, ಮೂರೂ ಒಂದೇ ದೃಢತೆಯಲ್ಲಿ.

ನಿಜವಾದ ಕಾರಣ ನೋಟ್‌ಬುಕ್ಕಿನ ಅಂಚಿನಲ್ಲಿತ್ತು. ಪುಟದ ಎಡಗಡೆ ಪೆನ್ಸಿಲಿನಲ್ಲಿ ಅಮ್ಮ, 'ಅಂಗಡಿಯಲ್ಲಿ ತೂಗಿಸಿದ್ದು, ಪಾವಿಗೆ 80 ಗ್ರಾಂ' ಎಂದು ಬರೆದಿದ್ದಾರೆ. ಹಳೆಯ ಚಾಟ್‌ಗೆ ಆ ಫೋಟೊ ಕಾಣುತ್ತಿತ್ತು. ಉತ್ತರದಲ್ಲಿ ಅಂಕಿಯನ್ನು ಬಳಸಿತ್ತೇ ಹೊರತು ಅದು ಅಂಚಿನ ಟಿಪ್ಪಣಿಯಿಂದ ಬಂದದ್ದೆಂದು ಬರೆದಿರಲಿಲ್ಲ. ನಾನು ನಕಲು ಮಾಡಿದಾಗ ಬಂದದ್ದು ಅಕ್ಷರಗಳು ಮಾತ್ರ. ಫೋಟೊ ಬರಲಿಲ್ಲ, ಅದು ಇದ್ದ ಜಾಗದಲ್ಲಿ ಒಂದು ಖಾಲಿ ಗೆರೆಯೂ ಉಳಿಯಲಿಲ್ಲ. ಹಳೆಯ ಚಾಟ್‌ಗೆ ಹಿಂದಿರುಗಿ ಅದೇ ಪ್ರಶ್ನೆ ಕೇಳಿದಾಗ ಅದು ಅಂಚಿನ ಬರಹವನ್ನೇ ತೋರಿಸಿತು.

ಇನ್ನೊಂದು ಪರೀಕ್ಷೆ ನನ್ನನ್ನು ಇದಕ್ಕಿಂತ ಹೆಚ್ಚು ಕಳವಳಕ್ಕೆ ಈಡುಮಾಡಿತು. ಫೈಲಿನಲ್ಲಿ 80 ಅನ್ನು 110 ಎಂದೂ, 320 ಅನ್ನು 440 ಎಂದೂ ನಾನೇ ಬದಲಿಸಿ ಅಂಟಿಸಿದೆ. ಮಾಡೆಲ್ ಅದನ್ನು ತನ್ನದೇ ಹಿಂದಿನ ಮಾತೆಂದು ಒಪ್ಪಿಕೊಂಡು, 110 ಏಕೆ ಸರಿ ಎಂದು ವಿವರಿಸಿತು. ಅಂಟಿಸಿದ ಪಠ್ಯ ನಿಜವಾದ ಸಂಭಾಷಣೆಯೋ, ನಾನು ಕೈಯಾಡಿಸಿದ್ದೋ, ಬೇರೊಂದು ಮಾಡೆಲ್ ಬರೆದದ್ದೋ ಎಂದು ಖಚಿತಪಡಿಸಿಕೊಳ್ಳಲು ಅದರ ಬಳಿ ಯಾವ ದಾರಿಯೂ ಇಲ್ಲ. ಶೈಲಿ ನೋಡಿ ಊಹಿಸಬಹುದು, ಅಷ್ಟೇ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಾನು ಚಂದಾ ನಿಲ್ಲಿಸಿರಬೇಕು ಎನಿಸಬಹುದು. ಆ ತಿಂಗಳು ನಿಲ್ಲಿಸುವ ಮನಸ್ಸೂ ಆಗಿತ್ತು. ಆದರೆ ಒಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಂಡ ಮೇಲೆ ನನ್ನ ದೂರು ಸ್ವಲ್ಪ ಜಾಗ ಬದಲಿಸಿತು. ಹಳೆಯ ಚಾಟ್‌ನಲ್ಲಿಯೂ ಮಾಡೆಲ್‌ಗೆ ನಾವು ಅಂದುಕೊಳ್ಳುವ ರೀತಿಯ ನೆನಪು ಇರುವುದಿಲ್ಲ. ನಾವು ಪ್ರತಿ ಸಲ ಹೊಸ ಸಾಲು ಬರೆದಾಗಲೂ ಸೇವೆಯು ಆವರೆಗಿನ ಸಂಭಾಷಣೆಯನ್ನು, ಮಾಡೆಲ್ ಒಮ್ಮೆಗೆ ಓದಬಲ್ಲ ಮಿತಿಯೊಳಗೆ ಹಿಡಿಯುವಷ್ಟನ್ನು, ಮತ್ತೆ ಅದರ ಮುಂದೆ ಇಡುತ್ತದೆ. ಮಾಡೆಲ್ ಅದನ್ನು ಓದಿ ಮುಂದಿನ ಉತ್ತರ ಬರೆಯುತ್ತದೆ. ಆದ್ದರಿಂದ ಬರೀ ಅಕ್ಷರಗಳಲ್ಲಿಯೇ ನಡೆದ ಮಾತುಕತೆಯನ್ನು ಪೂರ್ತಿಯಾಗಿ ಅಂಟಿಸಿದರೆ, ಹಳೆಯ ಚಾಟ್‌ಗೂ ಹೊಸದಕ್ಕೂ ಬಹಳ ಅಂತರವಿರುವುದಿಲ್ಲ. ಅಂತರ ಬರುವುದು ಅಕ್ಷರವಾಗಿ ನಕಲಾಗದ ಸಂಗತಿಗಳಿಂದ: ಕಳುಹಿಸಿದ ಫೋಟೊ, ಲಗತ್ತಿಸಿದ ಫೈಲು, ಅದು ಅಂತರ್ಜಾಲದಲ್ಲಿ ಹುಡುಕಿ ಓದಿದ ಪುಟ, ಪರದೆಯ ಮೇಲೆ ಕಾಣದ ಸೇವೆಯ ಒಳಸೂಚನೆಗಳು. ಜೊತೆಗೆ, ಮೂಲದಲ್ಲಿ ಯಾವ ಮಾತು ಬಳಕೆದಾರನದು, ಯಾವುದು ಮಾಡೆಲಿನದು ಎಂಬ ಗುರುತು ಬೇರೆಯಾಗಿಯೇ ಇರುತ್ತದೆ. ಅಂಟಿಸಿದಾಗ ಎಲ್ಲವೂ ಸೇರಿ ನಾನು ಕಳುಹಿಸಿದ ಒಂದೇ ಸಂದೇಶವಾಗುತ್ತದೆ. ನನ್ನ ಫೈಲಿನಲ್ಲಿ ಹೆಸರುಗಳನ್ನು ಹಾಕದೆ ಇದ್ದುದರಿಂದ, 'ಬೆಲ್ಲ ಹಾಕಿದರೆ ಹೇಗಿರುತ್ತದೆ' ಎಂದು ನಾನು ಸುಮ್ಮನೆ ಕೇಳಿದ್ದ ಪ್ರಶ್ನೆ, ಇಬ್ಬರೂ ಒಪ್ಪಿದ ತೀರ್ಮಾನದಂತೆ ಒಂದು ಪುಟದೊಳಗೆ ಸೇರಿಹೋಗಿತ್ತು.

ಪಠ್ಯದ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಬಹಳ ಉದ್ದದ ಪಠ್ಯದಲ್ಲಿ ಆರಂಭ ಮತ್ತು ಕೊನೆಯ ಭಾಗಗಳನ್ನು ಬಳಸಿದಷ್ಟು ಚೆನ್ನಾಗಿ ನಡುವಿನ ಭಾಗವನ್ನು ಮಾಡೆಲ್‌ಗಳು ಬಳಸುವುದಿಲ್ಲವೆಂದು 2023ರಲ್ಲಿಯೇ ಸಂಶೋಧಕರು ತೋರಿಸಿದ್ದರು. ನನ್ನ ಫೈಲಿನ ನಡುವಿನಲ್ಲೆಲ್ಲೋ, ಅಮ್ಮ 'ಕಾಯಿ' ಎಂದು ಬರೆದಲ್ಲೆಲ್ಲ ಪುಡಿಗಳ ಮಟ್ಟಿಗೆ ಅದು ಕೊಬ್ಬರಿ ಎಂದು ತಿದ್ದಿಸಿದ್ದೆ. ಹೊಸ ಚಾಟ್ ಎರಡು ಪುಟಗಳಲ್ಲಿ ಹಸಿ ತೆಂಗಿನಕಾಯಿ ಎಂದೇ ಬರೆಯಿತು. ಹಸಿ ಕಾಯಿ ಹಾಕಿದ ಪುಡಿ ವಾರವೂ ಉಳಿಯುವುದಿಲ್ಲ ಎಂದು ಗೊತ್ತಿರುವವರಿಗೆ ಮಾತ್ರ ಆ ತಪ್ಪು ಕಣ್ಣಿಗೆ ಬೀಳುತ್ತದೆ.

ಇನ್ನು ನನಗೆ ನಿಜವಾಗಿ ಸಂತೋಷ ಕೊಟ್ಟ ಸಂಗತಿ. ಬೇಸರದ ನಡುವೆ ಒಂದು ರಾತ್ರಿ, ಕೆಲಸ ಮುಂದುವರಿಸಲು ಹೇಳುವ ಬದಲು, 'ಈ ಪಠ್ಯದಲ್ಲಿ ಉಲ್ಲೇಖವಾಗಿದ್ದರೂ ಪಠ್ಯದೊಳಗೆ ಇಲ್ಲದ ಸಂಗತಿಗಳು ಯಾವುವು, ಸಾಲಿನ ಸಮೇತ ತೋರಿಸಿ' ಎಂದು ಕೇಳಿದೆ. ಮಾಡೆಲ್ ಅದನ್ನು ಬಹಳ ಚೆನ್ನಾಗಿ ಮಾಡಿತು. 'ಈ ಪುಟದಲ್ಲಿ ಇರುವಂತೆ', 'ಮೇಲಿನ ಚಿತ್ರದ ಎರಡನೆಯ ಸಾಲು', 'ನೀವು ಕಳುಹಿಸಿದ ಪಟ್ಟಿ' ಎಂಬ ಮಾತುಗಳಿದ್ದ ಜಾಗಗಳನ್ನೆಲ್ಲ ಹೆಕ್ಕಿ ಕೊಟ್ಟಿತು. 80 ಗ್ರಾಂ ಎಂಬ ಅಂಕಿಗೂ ಪಠ್ಯದಲ್ಲಿ ಆಧಾರ ಕಾಣುವುದಿಲ್ಲ ಎಂದು ಸೇರಿಸಿತು. ಕಾರಣ ಕೇಳಿದಾಗ ಕಾರಣವನ್ನು ಕಟ್ಟಿಕೊಟ್ಟ ಅದೇ ಮಾಡೆಲ್, ಕೊರತೆ ಯಾವುದೆಂದು ಕೇಳಿದಾಗ ಕೊರತೆಯನ್ನು ಸರಿಯಾಗಿಯೇ ಕಂಡಿತು. 'ಏಕೆ ತೆಗೆದುಕೊಂಡಿರಿ' ಎಂಬ ನನ್ನ ಪ್ರಶ್ನೆಯೇ, ಹೇಳಲು ಒಂದು ಕಾರಣ ಅದರ ಬಳಿ ಇದ್ದೇ ಇದೆ ಎಂದು ಮೊದಲೇ ಒಪ್ಪಿಕೊಂಡಿತ್ತು.

ಪಠ್ಯದೊಳಗೇ ಇರುವ ಸಂಗತಿಗಳನ್ನು ಅದು ಓದುವ ರೀತಿಯೂ ಮೆಚ್ಚುವಂಥದ್ದು. ನನ್ನ ತಿದ್ದುಪಡಿಗಳನ್ನು ನೋಡಿಯೇ, ಚಮಚದ ಅಳತೆಗಿಂತ ತೂಕವನ್ನು ನಾನು ಬಯಸುತ್ತೇನೆ ಎಂದೂ, 'ಹುರಿಯಿರಿ' ಎನ್ನುವ ಬದಲು ಅಮ್ಮನಂತೆ 'ಘಮ್ಮೆನ್ನುವವರೆಗೆ ಹುರಿಯುವುದು' ಎಂದು ಉಳಿಸಿಕೊಳ್ಳಬೇಕೆಂದೂ ಅದು ಗುರುತಿಸಿತು. ಈ ಎರಡನ್ನೂ ನಾನು ನಿಯಮವಾಗಿ ಎಲ್ಲಿಯೂ ಬರೆದಿರಲಿಲ್ಲ. ಪದೇ ಪದೇ ಒಂದೇ ರೀತಿ ತಿದ್ದಿದ್ದೆ, ಆ ತಿದ್ದುವಿಕೆ ಪಠ್ಯದಲ್ಲಿತ್ತು, ಆದ್ದರಿಂದ ಅದು ಆಧಾರವಿರುವ ಊಹೆ. ಹಳೆಯ ಚಾಟ್ ಯಾವ ಲೆಕ್ಕದಿಂದ ಒಂದು ಅಂಕಿಗೆ ಬಂದಿತೆಂಬುದು ಪಠ್ಯದಲ್ಲಿ ಇಲ್ಲದಿದ್ದರೆ, ಅದರ ಬಗ್ಗೆ ಹೊಸ ಚಾಟ್ ಹೇಳುವುದು ನಾನೋ ನೀವೋ ಆ ಹಾಳೆಯನ್ನು ಓದಿ ಹೇಳಬಹುದಾದ ಊಹೆಗಿಂತ ಹೆಚ್ಚಿನದಲ್ಲ.

ಈಗ ನನ್ನ ರಾತ್ರಿಯ ಕ್ರಮ ಬದಲಾಗಿದೆ. ಇಡೀ ಸಂಭಾಷಣೆಯನ್ನು ಅಂಟಿಸುವುದನ್ನು ಬಿಟ್ಟಿದ್ದೇನೆ. ಪ್ರತಿ ಪುಟದ ಕೆಲಸ ಮುಗಿದ ಮೇಲೆ, ಫೋಟೊ ಇನ್ನೂ ಕಣ್ಣೆದುರಿಗೆ ಇರುವ ಅದೇ ಚಾಟ್‌ನಲ್ಲಿ, ಅಂದಿನ ತೀರ್ಮಾನಗಳನ್ನೂ ಪ್ರತಿಯೊಂದರ ಆಧಾರ ಎಲ್ಲಿದೆ ಎಂಬುದನ್ನೂ ಬರೆಸಿಕೊಳ್ಳುತ್ತೇನೆ. 'ಕೊತ್ತಂಬರಿ ಬೀಜ, ಪಾವಿಗೆ 80 ಗ್ರಾಂ, ಆಧಾರ: ಪುಟದ ಎಡ ಅಂಚಿನ ಪೆನ್ಸಿಲ್ ಬರಹ' ಎಂಬಂಥ ಸಾಲುಗಳು ಅವು. ಬಳಿಕ ಅವನ್ನು ನೋಟ್‌ಬುಕ್ಕಿನೊಂದಿಗೆ ನಾನೇ ತಾಳೆ ನೋಡುತ್ತೇನೆ. ಅಂಚಿನ ಬರಹಗಳನ್ನು ಕೈಯಾರೆ ಟೈಪ್ ಮಾಡಿ ಸೇರಿಸುತ್ತೇನೆ. ಕೊಬ್ಬರಿಯಂಥ ಸಾಮಾನ್ಯ ನಿಯಮಗಳನ್ನು ಮೊದಲ ಸಾಲುಗಳಲ್ಲಿಯೇ ಇಡುತ್ತೇನೆ. ಮಾತುಕತೆಯ ತುಣುಕು ಬೇಕಾದಲ್ಲಿ 'ನಾನು', 'ಉತ್ತರ' ಎಂದು ಪ್ರತಿ ಸಾಲಿಗೂ ಗುರುತು ಹಾಕುತ್ತೇನೆ. ಇದಕ್ಕೆ ರಾತ್ರಿ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ವರ್ಷದ ಚಂದಾ ಕಟ್ಟಿದರೆ ಅಗ್ಗವಾಗುತ್ತದೆಯಾದರೂ ನಾನು ತಿಂಗಳ ಲೆಕ್ಕದಲ್ಲಿಯೇ ಮುಂದುವರಿಯುತ್ತಿದ್ದೇನೆ. ನಕಲು ಮಾಡುವಾಗ ಫೋಟೊ ಇದ್ದ ಜಾಗದಲ್ಲಿ 'ಇಲ್ಲಿ ಚಿತ್ರವಿತ್ತು' ಎಂಬ ಒಂದು ಸಾಲನ್ನಾದರೂ ಸೇವೆಯವರು ಉಳಿಸಿಕೊಟ್ಟರೆ ವರ್ಷಕ್ಕೆ ಕಟ್ಟುತ್ತೇನೆ. ನೋಟ್‌ಬುಕ್ಕಿನಲ್ಲಿ ಇನ್ನು 31 ಪುಟಗಳಿವೆ. ಅವುಗಳಲ್ಲಿ ಒಂಬತ್ತರ ಅಂಚಿನಲ್ಲಿ ಪೆನ್ಸಿಲ್ ಬರಹವಿದೆ.