300 ಟನ್ನಿನ ಎರಡು ಚಿಲ್ಲರ್, ನಾಲ್ಕು ವರ್ಷದ ಬಳಕೆ: ಕ್ಯಾಟಲಾಗಿನ ಅಂಕಿ ಬೇರೆ, ಮೀಟರಿನ ಅಂಕಿ ಬೇರೆ

ಬೆಂಗಳೂರಿನ ಒಂದು ಕಚೇರಿ ಕಟ್ಟಡದ ಪ್ಲಾಂಟ್ ರೂಮಿನಲ್ಲಿ ಎಸಿಗೆ ತಣ್ಣೀರು ಒದಗಿಸುವ ಎರಡು ವಾಟರ್ ಕೂಲ್ಡ್ ಚಿಲ್ಲರ್‌ಗಳು 2021ರಿಂದ ಅಕ್ಕಪಕ್ಕ ನಿಂತಿವೆ. ಎರಡರ ತಂಪು ಮಾಡುವ ಸಾಮರ್ಥ್ಯವೂ 300 ಟನ್. ಒಂದು ಹಳೇ ನಮೂನೆಯದು, ಒಂದೇ ವೇಗದಲ್ಲಿ ಓಡುವ ಸೆಂಟ್ರಿಫ್ಯೂಗಲ್. ಇನ್ನೊಂದು ಎಣ್ಣೆಯೇ ಬೇಡದ ಮ್ಯಾಗ್ನೆಟಿಕ್ ಬೇರಿಂಗ್ ಯಂತ್ರ, ವೇಗವನ್ನು ತಾನೇ ಏರಿಸಿ ಇಳಿಸಿಕೊಳ್ಳುತ್ತದೆ. ಮೊದಲನೆಯದಕ್ಕೆ 52 ಲಕ್ಷ, ಎರಡನೆಯದಕ್ಕೆ 80 ಲಕ್ಷ ರೂಪಾಯಿ ಆಗಿತ್ತು. ಆ 28 ಲಕ್ಷದ ವ್ಯತ್ಯಾಸ ವಾಪಸ್ ಬರುತ್ತದೆಯೇ ಎಂಬುದೊಂದೇ ಈ ವಿಮರ್ಶೆಯ ವಿಷಯ. ತಾಂತ್ರಿಕ ವಿವರಗಳು ಎಲ್ಲ ಕ್ಯಾಟಲಾಗಿನಲ್ಲೂ ಸಿಗುತ್ತವೆ, ಅವನ್ನು ಇಲ್ಲಿ ಬರೆದಿಲ್ಲ.

ಸಿಟ್ಟು ಬಂದದ್ದು ಒಂದು ಅಂಕಿಯ ಮೇಲೆ. ಮಾರುವವರು ಕೊಟ್ಟ ಲೆಕ್ಕದ ಹಾಳೆ ಪೂರ್ತಿ ಐಪಿಎಲ್‌ವಿ ಮೇಲೆ, ಅಂದರೆ ಬೇರೆ ಬೇರೆ ಲೋಡಿನಲ್ಲಿ ಯಂತ್ರ ತಿನ್ನುವ ಕರೆಂಟಿಗೆ ತೂಕ ಕೊಟ್ಟು ತೆಗೆದ ಸರಾಸರಿಯ ಮೇಲೆ ನಿಂತಿತ್ತು. ಒಂದೇ ವೇಗದ ಯಂತ್ರಕ್ಕೆ ಟನ್ನಿಗೆ 0.52 ಕಿಲೋವ್ಯಾಟ್, ಹೊಸದಕ್ಕೆ 0.34. ಅಂಕಿಗಳೇನೂ ಸುಳ್ಳಲ್ಲ, ಪರೀಕ್ಷಾ ಕೊಠಡಿಯಲ್ಲಿ ನಿಜವಾಗಿಯೂ ಬರುತ್ತವೆ. ಆದರೆ ಅಮೆರಿಕದ ಎಎಚ್‌ಆರ್‌ಐ ಮಾನದಂಡದಲ್ಲಿ ಈ ಅಂಕಿ ಹೇಗೆ ಹುಟ್ಟುತ್ತದೆ ನೋಡಿ. ಪೂರ್ತಿ ಲೋಡಿಗೆ ಬರೀ 1 ಶೇಕಡಾ ತೂಕ. ಮುಕ್ಕಾಲು ಲೋಡಿಗೆ 42, ಅರ್ಧಕ್ಕೆ 45, ಕಾಲಿಗೆ 12. ಇಲ್ಲಿಯವರೆಗೆ ಒಪ್ಪಬಹುದು, ಯಾವ ಚಿಲ್ಲರೂ ವರ್ಷವಿಡೀ ಪೂರ್ತಿ ಲೋಡಿನಲ್ಲಿ ಓಡುವುದಿಲ್ಲ. ತೊಂದರೆ ಇರುವುದು ಶಾಖವನ್ನು ಹೊರಹಾಕುವ ಕಂಡೆನ್ಸರ್‌ಗೆ ಬರುವ ನೀರಿನ ಬಿಸಿಯಲ್ಲಿ. ಲೋಡ್ ಇಳಿದಂತೆ ಆ ನೀರೂ 29.4 ಡಿಗ್ರಿಯಿಂದ 23.9ಕ್ಕೆ, ಅಲ್ಲಿಂದ 18.3ಕ್ಕೆ ಇಳಿಯುತ್ತದೆ ಎಂದು ಮಾನದಂಡ ಹಿಡಿಯುತ್ತದೆ. ಅಂದರೆ ಒಟ್ಟು ತೂಕದಲ್ಲಿ 57 ಶೇಕಡಾ ಭಾಗ 18.3 ಡಿಗ್ರಿಯ ನೀರಿನ ಮೇಲೆ ಕೂತಿದೆ.

ಆ ನೀರು ಎಲ್ಲಿಂದ ತರುವುದು? ಕೂಲಿಂಗ್ ಟವರ್ ಹೊರಗಿನ ವೆಟ್ ಬಲ್ಬ್ ತಾಪಕ್ಕಿಂತ, ಅಂದರೆ ನೀರು ಆವಿಯಾಗಿ ತಣಿಯಬಲ್ಲ ಕನಿಷ್ಠ ತಾಪಕ್ಕಿಂತ, ಸಾಮಾನ್ಯವಾಗಿ 3–4 ಡಿಗ್ರಿ ಮೇಲೆಯೇ ನೀರು ಕೊಡುತ್ತದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಓಡುವ ಈ ಪ್ಲಾಂಟಿನ ಲಾಗಿನಲ್ಲಿ ಟವರ್ ನೀರು ಹೆಚ್ಚಾಗಿ 23ರಿಂದ 28 ಡಿಗ್ರಿ ನಡುವೆ ಇರುತ್ತದೆ, ವರ್ಷದ ಸರಾಸರಿ 25.5. ಜನವರಿಯ ಬೆಳಗಿನಲ್ಲಿ ಒಂದು ತಾಸು 20 ಕಂಡರೆ ಅದೇ ಹೆಚ್ಚು.

ಇದರಿಂದ ಹೊಸ ಯಂತ್ರಕ್ಕೇ ಹೆಚ್ಚು ಪೆಟ್ಟು ಯಾಕೆ? ಕಂಪ್ರೆಸರ್ ಮಾಡುವ ಕೆಲಸ ಬಾವಿಯಿಂದ ನೀರು ಸೇದಿದ ಹಾಗೆ. ಎಷ್ಟು ಕೊಡ ಸೇದಬೇಕು ಎಂಬುದು ಲೋಡ್, ಬಾವಿ ಎಷ್ಟು ಆಳ ಎಂಬುದು ಕಂಡೆನ್ಸರ್ ಮತ್ತು ನೀರನ್ನು ತಣ್ಣಗೆ ಮಾಡುವ ಇವ್ಯಾಪರೇಟರ್ ನಡುವಿನ ಒತ್ತಡದ ಅಂತರ. ಇಂಪೆಲ್ಲರ್ ನಿಧಾನವಾಗಿ ತಿರುಗಬೇಕಾದರೆ ಕೊಡ ಕಡಿಮೆಯಾದರೆ ಸಾಲದು, ಬಾವಿಯೂ ಮೇಲಕ್ಕೆ ಬರಬೇಕು. ಟವರ್ ನೀರು ಬಿಸಿಯಾಗಿದ್ದರೆ ಆಳ ಹಾಗೇ ಉಳಿಯುತ್ತದೆ. ಆಗ ವೇಗ ಇಳಿಸಿದರೆ ಅನಿಲ ಹಿಂದಕ್ಕೆ ನುಗ್ಗಿ ಸರ್ಜ್ ಆಗುತ್ತದೆ. ಹಾಗಾಗಿ ಯಂತ್ರ ವೇಗವನ್ನು ಉಳಿಸಿಕೊಂಡು, ಹಳೆಯದರ ಹಾಗೆಯೇ ಬಾಯಿಯ ವೇನ್‌ಗಳನ್ನು ಮುಚ್ಚಿ ಲೋಡ್ ಕಡಿಮೆ ಮಾಡುತ್ತದೆ. ವೇಗ ಬದಲಿಸಲೆಂದು ಕೊಟ್ಟ ದುಡ್ಡು ಅಷ್ಟರ ಮಟ್ಟಿಗೆ ಸುಮ್ಮನೆ ಕೂರುತ್ತದೆ.

ಮೊದಲ ವರ್ಷ ಎರಡೂ ಯಂತ್ರಗಳನ್ನು ವಾರ ಬಿಟ್ಟು ವಾರ ಓಡಿಸಿ ಅಳೆದಾಗ ಬಂದ ಸರಾಸರಿ ಇದು: ಒಂದೇ ವೇಗದ್ದು ಟನ್ನಿಗೆ 0.58, ಹೊಸದು 0.46. ಹಾಳೆಯಲ್ಲಿ 0.18 ಇದ್ದ ಅಂತರ ನೆಲದ ಮೇಲೆ 0.12.

ಅಳತೆ ಮಾಡುವವರಿಗೆ ಒಂದು ಎಚ್ಚರಿಕೆ. ಟನ್ ಲೆಕ್ಕ ಸುಲಭ: ಗಂಟೆಗೆ ಹರಿಯುವ ಘನ ಮೀಟರ್ ನೀರನ್ನು ಒಳ-ಹೊರ ನೀರಿನ ತಾಪದ ವ್ಯತ್ಯಾಸದಿಂದ ಗುಣಿಸಿ 3.024ರಿಂದ ಭಾಗಿಸಿ. 163 ಘನ ಮೀಟರ್, 2.8 ಡಿಗ್ರಿ ಎಂದರೆ 151 ಟನ್. ಆಗ ಮೀಟರ್ 69 ಕಿಲೋವ್ಯಾಟ್ ತೋರಿಸಿದರೆ ಟನ್ನಿಗೆ 0.46. ಆದರೆ ಅರ್ಧ ಲೋಡಿನಲ್ಲಿ ವ್ಯತ್ಯಾಸ ಇರುವುದೇ 2.8 ಡಿಗ್ರಿ. ಎರಡು ಸೆನ್ಸಾರ್ ನಡುವೆ 0.3 ಡಿಗ್ರಿ ತಪ್ಪಿದ್ದರೂ ಫಲಿತಾಂಶ 11 ಶೇಕಡಾ ಅತ್ತಿತ್ತ ಆಗುತ್ತದೆ. ಎರಡು ಸೆನ್ಸಾರ್‌ಗಳನ್ನೂ ಕಳಚಿ ಒಂದೇ ಫ್ಲಾಸ್ಕಿನ ಐಸ್ ನೀರಿನಲ್ಲಿ ಅದ್ದಿ, ಒಂದೇ ಅಂಕಿ ತೋರಿಸುತ್ತವೆಯೇ ನೋಡದೆ ಯಾವ ಹೋಲಿಕೆಯನ್ನೂ ನಂಬಬೇಡಿ.

ಈಗ ದುಡ್ಡಿನ ಲೆಕ್ಕ. ಮುಖ್ಯ ಲೋಡ್ ಹೊರುವ ಯಂತ್ರ ವರ್ಷಕ್ಕೆ 3,600 ಗಂಟೆ, ಸರಾಸರಿ ಅರ್ಧ ಲೋಡಿನಲ್ಲಿ ಓಡುತ್ತದೆ. ಅಂದರೆ 5,40,000 ಟನ್-ಗಂಟೆ. ಇದನ್ನು 0.12ರಿಂದ ಗುಣಿಸಿದರೆ 64,800 ಯೂನಿಟ್ ಉಳಿತಾಯ. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 5.18 ಲಕ್ಷ. ಇಲ್ಲಿ ಹಾಕಬೇಕಾದ್ದು ಎನರ್ಜಿ ಚಾರ್ಜ್ ಮಾತ್ರ. ಕರೆಂಟ್ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿದ ಸರಾಸರಿ ದರ ಹಾಕಿದರೆ ಗರಿಷ್ಠ ಬಳಕೆಯ ಮಟ್ಟಕ್ಕೆ ಕಟ್ಟುವ ಡಿಮ್ಯಾಂಡ್ ಚಾರ್ಜೂ ಒಳಗೆ ನುಸುಳುತ್ತದೆ. ಹೊಸ ಯಂತ್ರ ಡಿಮ್ಯಾಂಡ್ ಉಳಿಸುವುದೇ ಇಲ್ಲ. ಪೂರ್ತಿ ಲೋಡಿನಲ್ಲಿ ಅದು ಟನ್ನಿಗೆ 0.60 ತಿನ್ನುತ್ತದೆ, ಹಳೆಯದು 0.58.

ಮಾರುವವರ ಹಾಳೆಯಲ್ಲಿ, ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ರೇಟ್ 8, ವಿದ್ಯುತ್ ದರದ ಏರಿಕೆ ವರ್ಷಕ್ಕೆ 6 ಶೇಕಡಾ, ಆಯುಷ್ಯ 20 ವರ್ಷ. ಹೀಗೆ ಹಿಡಿದರೆ ವರ್ಷದ ಉಳಿತಾಯವನ್ನು 16.5ರಿಂದ ಗುಣಿಸಿದ ಹಾಗಾಗುತ್ತದೆ. 0.18ರ ಅಂತರವೂ ಜೊತೆಗೆ ಸೇರಿ ಉಳಿತಾಯ 128 ಲಕ್ಷ ಮುಟ್ಟಿತ್ತು. ಕಂಪನಿ ಸಾಲ ತರುವುದೇ 12 ಶೇಕಡಾಕ್ಕೆ ಎಂದರೆ 8 ಹಾಕಲು ಯಾವ ಕಾರಣವೂ ಇಲ್ಲ. ಆಯುಷ್ಯ 20 ಎಂದು ಹಿಡಿಯಲೂ ಧೈರ್ಯ ಸಾಲದು. ಕೊಳವೆಗಳು ಅಷ್ಟು ಬಾಳಿಕೆ ಬರುತ್ತವೆ, ಆದರೆ ಪವರ್ ಎಲೆಕ್ಟ್ರಾನಿಕ್ಸ್‌ನ ಬಿಡಿಭಾಗ ಅಷ್ಟು ಕಾಲ ಸಿಗುತ್ತದೆ ಎನ್ನಲಾಗದು. ಇಲ್ಲಿ ಹಿಡಿದದ್ದು 12, ಬೆಲೆ ಏರಿಕೆ 4, ಆಯುಷ್ಯ 15. ಎಕ್ಸೆಲ್‌ನಲ್ಲಿ ಎರಡೇ ಸಾಲು:

```
=(1+12%)/(1+4%)-1
=PV(7.69%,15,-5.18)
```

ಮೊದಲನೆಯದು 7.69 ಶೇಕಡಾ ಕೊಡುತ್ತದೆ, ಅದು ಬೆಲೆ ಏರಿಕೆ ಕಳೆದ ನಿಜ ದರ. ಎರಡನೆಯದು 45.2 ಲಕ್ಷ, ಹದಿನೈದು ವರ್ಷದ ಉಳಿತಾಯದ ಇವತ್ತಿನ ಬೆಲೆ.

‘ನಿರ್ವಹಣೆ ಶೂನ್ಯ’ ಎಂಬ ಮಾತನ್ನೂ ಲೆಕ್ಕಕ್ಕೆ ತರಬೇಕು. ಎಣ್ಣೆ, ಎಣ್ಣೆ ಫಿಲ್ಟರ್ ಖರ್ಚು ಇಲ್ಲ ಎಂಬುದು ನಿಜ. ಆದರೆ ಈ ಯಂತ್ರವನ್ನು ಮುಟ್ಟಬಲ್ಲವರು ತಯಾರಕರ ಕಡೆಯವರು ಮಾತ್ರ, ಹೊರಗಿನ ಮೆಕ್ಯಾನಿಕ್‌ಗೆ ಸಾಫ್ಟ್‌ವೇರ್ ತೆರೆಯುವುದಿಲ್ಲ. ಹಾಗಾಗಿ ನಿರ್ವಹಣೆಯ ವಾರ್ಷಿಕ ಗುತ್ತಿಗೆ, ಅಂದರೆ ಎಎಂಸಿ, ವರ್ಷಕ್ಕೆ 2.8 ಲಕ್ಷ, ಹಳೆಯದಕ್ಕೆ 2.2. ಆ 60 ಸಾವಿರದ ಹೆಚ್ಚಳ ಹದಿನೈದು ವರ್ಷಕ್ಕೆ ಇವತ್ತಿನ ಬೆಲೆಯಲ್ಲಿ 5.2 ಲಕ್ಷ. ಹಳೆಯದಕ್ಕೆ ಹತ್ತನೇ ವರ್ಷ ಓವರ್‌ಹಾಲ್ ಎಂದು 8 ಲಕ್ಷ, ಹೊಸದಕ್ಕೆ ಎಂಟನೇ ವರ್ಷ ಕೆಪಾಸಿಟರ್, ಬೋರ್ಡ್‌ಗಳೆಂದು 6 ಲಕ್ಷ ಎತ್ತಿಟ್ಟಿದ್ದೇವೆ. ಇವೆರಡೂ ಹೆಚ್ಚುಕಡಿಮೆ ಸರಿದೂಗುತ್ತವೆ, ಹೊಸದಕ್ಕೆ ಅರ್ಧ ಲಕ್ಷ ಲಾಭ. ಎಲ್ಲ ಕಳೆದು ಕೂಡಿದರೆ ಹೊಸ ಯಂತ್ರ 12.5 ಲಕ್ಷ ಮುಂದಿದೆ. 128 ಲಕ್ಷದ ಆಸೆ ಹುಟ್ಟಿಸಿದ ಜಾಗದಲ್ಲಿ ಇಷ್ಟು.

ಇದೇ ಲೆಕ್ಕವನ್ನು ಕಂಪನಿಯ ಹಣಕಾಸು ವಿಭಾಗ ಮಾಡಿದಾಗ 3.4 ಲಕ್ಷ ಬಂದಿತ್ತು. ಅವರು ಕರೆಂಟ್ ದರ ಹದಿನೈದು ವರ್ಷವೂ 8 ರೂಪಾಯಿಯೇ ಎಂದು ಇಟ್ಟು, ಬ್ಯಾಂಕಿನ 12 ಶೇಕಡಾ ಹಾಕಿದ್ದರು. ಬ್ಯಾಂಕಿನ ದರದಲ್ಲಿ ಬೆಲೆ ಏರಿಕೆ ಆಗಲೇ ಸೇರಿದೆ, ಕರೆಂಟ್ ದರದಲ್ಲಿ ಸೇರಿಲ್ಲ. ಎರಡರಲ್ಲೂ ಏರಿಕೆ ಇರಬೇಕು, ಇಲ್ಲವೇ ಎರಡರಲ್ಲೂ ಇರಬಾರದು. ಇನ್ನು ಬಂಡವಾಳಕ್ಕೆ 18 ಶೇಕಡಾ ಬೇಕು ಎನ್ನುವ ಕಂಪನಿಯಾದರೆ ಲಾಭ 1 ಲಕ್ಷಕ್ಕೆ ಇಳಿಯುತ್ತದೆ, ಅಂದರೆ ಎರಡೂ ಯಂತ್ರ ಸಮ.

ಇಷ್ಟೆಲ್ಲ ಬೈದ ಮೇಲೂ ದಿನನಿತ್ಯ ಓಡಿಸುವವರಿಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟುತ್ತದೆ. ಪ್ಲಾಂಟ್ ರೂಮಿನಲ್ಲಿ ಅದರ ಪಕ್ಕ ನಿಂತು ಫೋನಿನಲ್ಲಿ ಮಾತಾಡಬಹುದು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಲೋಡ್ ಒಂದು ಹದಕ್ಕೆ ಬಂದ ಮೇಲೆ, ಪುಸ್ತಕದಲ್ಲಿ ಎರಡು ಅಂಕಿ ಬರೆಯುವ ರೂಢಿ ಇದೆ. ಒಂದು ಇವ್ಯಾಪರೇಟರ್ ಅಪ್ರೋಚ್, ಇನ್ನೊಂದು ಕಂಡೆನ್ಸರ್ ಅಪ್ರೋಚ್. ರೆಫ್ರಿಜರೆಂಟಿನ ತಾಪಕ್ಕೂ ಹೊರಹೋಗುವ ನೀರಿನ ತಾಪಕ್ಕೂ ಇರುವ ಅಂತರ ಅದು. ಹಳೆಯ ಯಂತ್ರದಲ್ಲಿ ಇವ್ಯಾಪರೇಟರ್ ಅಂಕಿ ವರ್ಷದಿಂದ ವರ್ಷಕ್ಕೆ ತುಸು ತುಸು ಏರಿದೆ. ಎಣ್ಣೆ ರೆಫ್ರಿಜರೆಂಟ್ ಜೊತೆ ಬಂದು ಇವ್ಯಾಪರೇಟರಿನಲ್ಲಿ ಉಳಿದು, ಶಾಖ ದಾಟುವುದಕ್ಕೆ ಅಡ್ಡ ಬರುತ್ತದೆ. ಹೊಸದರಲ್ಲಿ ಮೊದಲ ದಿನದ ಅಂಕಿ ಇವತ್ತಿಗೂ ಕದಲಿಲ್ಲ. ಈ ಲಾಭ ಯಾವ ಹಾಳೆಯಲ್ಲೂ ಇರಲಿಲ್ಲ.

ಕಂಡೆನ್ಸರ್ ಕಡೆ ಮಾತ್ರ ಇಬ್ಬರಿಗೂ ಒಂದೇ ಪಾಡು. ಶುದ್ಧ ಕೊಳವೆಯಲ್ಲಿ 1.2 ಡಿಗ್ರಿ ಇದ್ದ ಅಪ್ರೋಚ್, ಎರಡನೇ ಬೇಸಿಗೆ ಬೋರ್ ಬತ್ತಿ ಟ್ಯಾಂಕರ್ ನೀರು ಹಾಕಿದಾಗ ಏಳು ವಾರದಲ್ಲಿ 4 ದಾಟಿತು. ತೆರೆದು ನೋಡಿದರೆ ಕೊಳವೆಯ ಒಳಗೆ ಸುಣ್ಣದ ತೆಳು ಬಿಳಿ ಪದರ, ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತಿತ್ತು. ಒಂದು ಡಿಗ್ರಿ ಏರಿದರೆ ಸುಮಾರು 2.5 ಶೇಕಡಾ ಹೆಚ್ಚು ಕರೆಂಟ್ ಎಂದು ಹಿಡಿದರೆ, 3 ಡಿಗ್ರಿಗೆ 7 ಶೇಕಡಾ ಮೀರುತ್ತದೆ. ಟನ್ನಿಗೆ 0.03 ಹೆಚ್ಚು. 28 ಲಕ್ಷ ಕೊಟ್ಟು ಕೊಂಡ 0.12ರ ಅಂತರದಲ್ಲಿ ಕಾಲು ಭಾಗವನ್ನು ಸುಣ್ಣ ತಿಂದುಹಾಕಿತು. ದಿನಕ್ಕೆ 460 ರೂಪಾಯಿ ನಷ್ಟ, ಬ್ರಷ್ ಹಾಕಿ ತೊಳೆಸಲು 30,000. ಅರವತ್ತೈದು ದಿನಕ್ಕೆ ಹುಟ್ಟಿಬಿಡುತ್ತದೆ. ಈಗ ಅಂಕಿ 2.5 ದಾಟಿದರೆ ತೊಳೆಯುವುದು, ತಿಂಗಳು ಲೆಕ್ಕ ಹಿಡಿದು ಅಲ್ಲ.

ಬೇಸರದ ಸಂಗತಿ ಒಂದು ಉಳಿದಿದೆ. ಕರೆಂಟ್ ಹೋದಾಗ ಈ ಯಂತ್ರದ ಮೋಟಾರೇ ಜನರೇಟರ್ ಆಗಿ, ಶಾಫ್ಟ್ ನಿಲ್ಲುವವರೆಗೆ ಬೇರಿಂಗಿಗೆ ವಿದ್ಯುತ್ ಕೊಡುತ್ತದೆ. ಆ ವ್ಯವಸ್ಥೆ ಒಮ್ಮೆಯೂ ಕೈಕೊಟ್ಟಿಲ್ಲ. ಆದರೆ ಮೂರನೇ ವರ್ಷ ಒಂದು ಕಂಟ್ರೋಲ್ ಬೋರ್ಡ್ ಸುಟ್ಟಾಗ, ಬದಲಿ ಬರಲು 19 ದಿನ ಬೇಕಾಯಿತು. ಪಕ್ಕದಲ್ಲಿ ಹಳೇ ಯಂತ್ರ ಇಲ್ಲದಿದ್ದರೆ ಬಾಡಿಗೆ ಚಿಲ್ಲರ್ ತರಿಸಬೇಕಿತ್ತು. ಕೊಳ್ಳುವಾಗಲೇ ಒಂದು ಬೋರ್ಡನ್ನು ಸ್ಥಳದಲ್ಲಿ ಇಡುವ ಷರತ್ತನ್ನು ಆರ್ಡರಿನಲ್ಲಿ ಬರೆಸಿ, ಅದರ ಬೆಲೆಯನ್ನು ಮೊದಲ ವರ್ಷದ ಖರ್ಚಿಗೆ ಸೇರಿಸಿ.

ಇದೇ ಹೋಲಿಕೆ ನಿಮ್ಮಲ್ಲಿ ಮಾಡುವಾಗ ಎರಡು ಗಡಿ ನೋಡಿಕೊಳ್ಳಿ. ಮೇಲಿನ ದರಗಳಲ್ಲಿ ಟನ್ನಿಗೆ ಅಂತರ 0.09ಕ್ಕಿಂತ ಕೆಳಗೆ ಹೋದರೆ 28 ಲಕ್ಷ ವಾಪಸ್ ಬರುವುದಿಲ್ಲ. ಮಂಗಳೂರಿನಂಥ ಸೆಕೆಯ ಊರಿನಲ್ಲಿ ಟವರ್ ನೀರು ಇಲ್ಲಿಗಿಂತ ಬಿಸಿಯಾಗಿಯೇ ಇರುತ್ತದೆ, ಅಲ್ಲಿ ಈ ಅಪಾಯ ಹೆಚ್ಚು. ಗಂಟೆಗಳದ್ದು ಇನ್ನೊಂದು. ವರ್ಷಕ್ಕೆ 2,400 ಗಂಟೆ ಮಾತ್ರ ಓಡುವ ಕಟ್ಟಡವಾದರೆ ಇದೇ ಯಂತ್ರ 2.6 ಲಕ್ಷ ನಷ್ಟ ತೋರಿಸುತ್ತದೆ. ಹಗಲೂ ರಾತ್ರಿ ಓಡುವ ಬೆಂಗಳೂರಿನ ಆಸ್ಪತ್ರೆಗೆ, ರಾತ್ರಿಯ ತಣ್ಣನೆ ಟವರ್ ನೀರೂ ಸಿಗುವುದರಿಂದ, ಎರಡು ಸಲ ಯೋಚಿಸದೆ ತೆಗೆದುಕೊಳ್ಳಿ ಎನ್ನುತ್ತೇನೆ.