ಗೋದಾಮಿನ ತೇವಾಂಶ ಮೀಟರ್: ನಿದ್ದೆ ಕೊಟ್ಟಿತು, ಒಂದು ರಾತ್ರಿ ಕೈಯನ್ನೂ ಕೊಟ್ಟಿತು

ಮಡಿಕೇರಿ ಕಡೆ ಮಳೆ ಹಿಡಿದುಕೊಂಡರೆ ಹೊರಗಿನ ತೇವಾಂಶ ಶೇ. 90ರ ಆಸುಪಾಸಿನಲ್ಲೇ ಇರುತ್ತದೆ. ಗೋದಾಮಿನೊಳಗೆ ಅದು ಶೇ. 70 ದಾಟಿ ನಿಂತರೆ ಪಾರ್ಚ್‌ಮೆಂಟ್ ಕಾಫಿ ಚೀಲಕ್ಕೆ ಬೂಷ್ಟು ಹಿಡಿಯುವ ಭಯ. ಅದಕ್ಕೇ ಈ ವೈಫೈ ಮೀಟರ್ ತಗೊಂಡೆ. ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟೋ ಮಾದರಿ ನನಗೆ ಬೇಡ. ಇದಕ್ಕೆ ಆ ಗೋಳಿಲ್ಲ.

ಹಳೇ ಮೀಟರಿನದು ಒಂದೇ ರಗಳೆ. ರೈಟ್ರು ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಒದ್ದೆ ಗಾಳಿ ನುಗ್ಗಿ ಶೇ. 84 ತೋರಿಸಿ ಫೋನ್ ಬಡಿದುಕೊಳ್ಳುತ್ತಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಮೊದಲಿನಂತೆ. ಇದರಲ್ಲಿ `Hold` ಇದೆ. ನಾನು 20 ನಿಮಿಷ ಇಟ್ಟಿದ್ದೇನೆ. ಮಿತಿ ದಾಟಿದ ಕೂಡಲೇ ಗಡಿಯಾರ ಶುರುವಾಗುತ್ತದೆ, ಅಷ್ಟೂ ಹೊತ್ತು ಮೇಲೆಯೇ ಇದ್ದರೆ ಮಾತ್ರ ಅಲರ್ಟ್. ಕಾಫಿ ಬೀಜ ತೇವ ಎಳೆದುಕೊಳ್ಳೋದು ನಿಧಾನ, 20 ನಿಮಿಷ ತಡವಾದರೆ ಏನೂ ಕೆಡುವುದಿಲ್ಲ. ಈಗ ಬೆಳಿಗ್ಗೆ ಬೆಲ್ಲದ ಕಾಫಿ ಹಿಡಿದು ಜಗಲಿಯಲ್ಲಿ ಕೂತು ರಾತ್ರಿಯ ಗ್ರಾಫ್ ನೋಡೋದೇ ಒಂದು ಸುಖ. ಬಾಗಿಲು ತೆಗೆದ ಹೊತ್ತು ಮುಳ್ಳಿನಂತೆ ಎದ್ದು ಕಾಣುತ್ತದೆ, ಆದರೆ ಫೋನ್ ಸುಮ್ಮನಿರುತ್ತದೆ.

ಜುಲೈಯಲ್ಲಿ ಒಂದು ರಾತ್ರಿ ಮಾತ್ರ ಅತಿಯಾಗಿ ಸುಮ್ಮನಿತ್ತು. ಗ್ರಾಫ್ ಪೂರ್ತಿ 70ರ ಮೇಲೆಯೇ ಇದ್ದಂತೆ ಕಾಣುತ್ತಿದೆ, ಅಲರ್ಟ್ ಒಂದೂ ಇಲ್ಲ. ದಾಖಲೆ ತೆಗೆದು ನೋಡಿದೆ: 2.05ಕ್ಕೆ 71, 2.10ಕ್ಕೆ 71, 2.15ಕ್ಕೆ 72, 2.20ಕ್ಕೆ 69.9, 2.25ಕ್ಕೆ ಮತ್ತೆ 71. ಇನ್ನೈದು ನಿಮಿಷ ಇದೆ ಎನ್ನುವಾಗ ಆ ಒಂದು 69.9 ಬಂದು ಗಡಿಯಾರ ಸೊನ್ನೆಗೆ ಹೋಗಿದೆ. ಬೆಳಗಿನ ತನಕ ಇದೇ ಆಟ. ಇಂಥ ಸೆನ್ಸರಿನಲ್ಲಿ ಎರಡು ಮೂರು ಅಂಕೆ ಹೆಚ್ಚು ಕಡಿಮೆ ಇದ್ದೇ ಇರುತ್ತದೆ, 69.9ಕ್ಕೂ 71ಕ್ಕೂ ನಿಜವಾಗಿ ಏನು ವ್ಯತ್ಯಾಸ? ಒಂದು ಸುಳ್ಳು ಏರಿಕೆಯನ್ನು ತಡೆಯೋ ಹೋಲ್ಡ್, ಒಂದು ಸುಳ್ಳು ಇಳಿಕೆಗೆ ಸೋತುಬಿಟ್ಟಿತು.

ಮದ್ದು ಇದೆ. ಸೆಟ್ಟಿಂಗಿನ ಮೂಲೆಯಲ್ಲಿ `Clear below` ಅಂತ ಅಡಗಿಸಿಟ್ಟಿದ್ದಾರೆ. ಕಂಪನಿಯವರು ಅದನ್ನೂ 70ಕ್ಕೇ ಇಟ್ಟು ಕಳಿಸಿದ್ದಾರೆ, ಅದೇ ಸಿಟ್ಟು. 67 ಮಾಡಿದೆ. ಈಗ 70 ದಾಟಿದರೆ ಗಡಿಯಾರ ಶುರು, 67ಕ್ಕಿಂತ ಕೆಳಗಿಳಿದರೆ ಮಾತ್ರ ರದ್ದು. ಹೀಗಿದ್ದಿದ್ದರೆ ಆ ರಾತ್ರಿ 2.25ಕ್ಕೇ ಅಲರ್ಟ್ ಬರುತ್ತಿತ್ತು. ಬದಲಿಗೆ ಒಂದು ಕಿರಿಕಿರಿ ಸೇರಿಕೊಂಡಿದೆ: ಬಾಗಿಲು ಹಾಕಿದ ಮೇಲೂ ಒಳಗೆ 68ರಲ್ಲೇ ನಿಂತರೆ ಸುಳ್ಳು ಅಲರ್ಟ್ ಬರುತ್ತದೆ. ಅಪರೂಪಕ್ಕೆ ಬರೋದು, ಸಹಿಸಬಹುದು.

ಕರೆಂಟಿನದು ಬೇರೆ ಕತೆ. ಹೋಗಿ ಬಂದರೆ ಗಡಿಯಾರ ಮೊದಲಿಂದ ಶುರು. ನಮ್ಮೂರ ಮಳೆಗಾಲಕ್ಕೆ ಒಂದು ಚಿಕ್ಕ ಯುಪಿಎಸ್ ಜೊತೆಗೆ ಬೇಕೇ ಬೇಕು. ರೀಡಿಂಗ್ ನಿಂತರೆ ತಿಳಿಸು ಅನ್ನೋ ಆಯ್ಕೆಯನ್ನೂ ಹಾಕಿಕೊಳ್ಳಿ.

ಗೋದಾಮಿಗೆ ಧಾರಾಳವಾಗಿ ತಗೊಳ್ಳಿ. ಆದರೆ ಎಲ್ಲ ಸೆನ್ಸರಿಗೂ ಒಂದೇ ಹೋಲ್ಡ್ ಕೊಟ್ಟಿದ್ದಾರೆ. ಕೆರೆ ಮೋಟಾರು ನೀರಿಲ್ಲದೆ ಓಡಿದರೆ ಸೆಕೆಂಡುಗಳಲ್ಲಿ ಗೊತ್ತಾಗಬೇಕು, 20 ನಿಮಿಷ ಕಾದರೆ ಸೀಲು ಸುಟ್ಟೇ ಹೋಗುತ್ತದೆ. ಅದಕ್ಕೆ ಮೋಟಾರಿಗೆ ನಾನಿದನ್ನು ಹಾಕಿಲ್ಲ.