ಮೊತ್ತ ಸರಿ ಇತ್ತು, ಬಾಕಿ ತಪ್ಪಿತ್ತು: ಉದ್ರಿ ಪುಸ್ತಕದ ಫೋಟೊ ಬಂದರೆ ಹುಷಾರು

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಒಂದು ಪುಟ, ವಾಟ್ಸಾಪ್‌ನಲ್ಲಿ ಬಂದ ಫೋಟೊ. ಜೊತೆಗೆ ಒಂದೇ ಸಾಲು: ‘ಉದ್ರಿ ಎಷ್ಟಾಯ್ತು, ಕೂಡಿ ಹೇಳಿ’. ಕೂಡಿ 1,758 ಅಂತ ಉತ್ತರ ಹೋಯಿತು. ಅದು ಸರಿಯೇ. ಆದರೆ ಅಂಗಡಿಯವರು ಗಿರಾಕಿಯಿಂದ ವಸೂಲು ಮಾಡಿದ್ದು ಪುಟದ ಕೊನೆಯಲ್ಲಿದ್ದ ಬಾಕಿಯನ್ನು. ಅದರಲ್ಲಿ 27 ರೂಪಾಯಿ ಹೆಚ್ಚಿತ್ತು. ಗಿರಾಕಿ ತನ್ನ ಪುಸ್ತಕ ತಂದು ತೋರಿಸಿದಾಗ, ಅಂಗಡಿಯವರಿಂದ ‘ಲೆಕ್ಕ ಪರಿಶೀಲಿಸಿ ಆಗಿದೆ’ ಅನ್ನುವ ಮಾತು ಬಂತು. ಪರಿಶೀಲಿಸಿದವರು ಯಾರೂ ಇರಲಿಲ್ಲ, ಕೂಡಿದವರಿದ್ದರು ಅಷ್ಟೆ.

ಪುಟದಲ್ಲಿ ಇದ್ದದ್ದು ಇಷ್ಟು:

ಹಿಂದಿನ ಬಾಕಿ 1,240
3 – ಉದ್ರಿ 385 – ಬಾಕಿ 1,625
7 – ಉದ್ರಿ 460 – ಬಾಕಿ 2,085
12 – ಜಮಾ 500 – ಬಾಕಿ 1,585
16 – ಉದ್ರಿ 273 – ಬಾಕಿ 1,885
21 – ಉದ್ರಿ 640 – ಬಾಕಿ 2,525
28 – ಜಮಾ 1,000 – ಬಾಕಿ 1,525

ಹಿಂದಿನ ಬಾಕಿಗೆ ಉದ್ರಿ 1,758 ಸೇರಿಸಿ ಜಮಾ 1,500 ಕಳೆದರೆ 1,498 ಬರಬೇಕು. ಪುಸ್ತಕ 1,525 ಅನ್ನುತ್ತಿದೆ. ಈ ಒಂದು ತಾಳೆ ಅರ್ಧ ನಿಮಿಷದ ಕೆಲಸ, ಆದರೆ ಇದೊಂದೇ ಸಾಲದು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಡಿಮೆ ಬರೆದಿದ್ದರೆ ಕೊನೆಯ ಬಾಕಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಸಾಲು ಸಾಲಾಗಿ ನೋಡಬೇಕು: ಮೇಲಿನ ಬಾಕಿಗೆ ಉದ್ರಿ ಕೂಡಿ, ಜಮಾ ಕಳೆಯಿರಿ. ತಪ್ಪಿದ ಸಾಲು ಸಿಕ್ಕಮೇಲೆ ಅಲ್ಲಿಂದ ಮುಂದಕ್ಕೆ ಪುಸ್ತಕದಲ್ಲಿ ಬರೆದ ಬಾಕಿಯನ್ನೇ ಹಿಡಿದು ಸಾಗಿ. ಇಲ್ಲದಿದ್ದರೆ ಕೆಳಗಿನ ಎಲ್ಲ ಸಾಲುಗಳೂ ತಪ್ಪಾಗಿ ಕಂಡು, ಎರಡನೆಯ ತಪ್ಪೊಂದಿದ್ದರೆ ಅದರೊಳಗೆ ಮುಚ್ಚಿಹೋಗುತ್ತದೆ.

ಇಲ್ಲಿ ತಪ್ಪಿದ್ದು 16ರ ಸಾಲು ಮಾತ್ರ. 1,585ಕ್ಕೆ 273 ಸೇರಿದರೆ 1,858, ಬರೆದದ್ದು 1,885. ವ್ಯತ್ಯಾಸ 27, ಒಂಬತ್ತರಿಂದ ಭಾಗವಾಗುತ್ತದೆ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಯಾವಾಗಲೂ ಹೀಗೇ ಆಗುತ್ತದೆ. (ಜಮಾವನ್ನು ಕಳೆಯುವ ಬದಲು ಕೂಡಿಬಿಟ್ಟಿದ್ದರೆ ವ್ಯತ್ಯಾಸ ಆ ಜಮಾದ ಎರಡರಷ್ಟಿರುತ್ತದೆ.) ಆದರೆ ಇಲ್ಲಿ ಅಂಕಿ ಅದಲುಬದಲಾಗಿದೆ ಅನ್ನುವುದು ಗುಮಾನಿ, ಸಾಕ್ಷಿಯಲ್ಲ. 27 ರೂಪಾಯಿಯ ಸಾಮಾನೊಂದನ್ನು ಬಾಕಿಗೆ ಸೇರಿಸಿ, ಉದ್ರಿಯಲ್ಲಿ ಬರೆಯಲು ಮರೆತಿರಲೂಬಹುದು. ಹಾಗಿದ್ದರೆ ತಪ್ಪು ನೀವು ಕೂಡಿದ ಮೊತ್ತದಲ್ಲೇ ಇದೆ! ಅದನ್ನು ಹೇಳಬೇಕಾದದ್ದು ಆ ದಿನದ ಚೀಟಿ, ಫೋಟೊ ಅಲ್ಲ.

ಫೋಟೊದಲ್ಲಿ ಮಸುಕಾದ ಅಂಕಿಯನ್ನು ಬಾಕಿ ನೋಡಿ ಊಹಿಸುವವರಿದ್ದಾರೆ. ಅಪಾಯ ಅಲ್ಲೇ. 273 ಪುಟದ ಮಡಿಕೆಯಲ್ಲಿ ಸಿಕ್ಕಿ ಕಾಣದಿದ್ದರೆ, ಎರಡು ಬಾಕಿಗಳ ನಡುವಿನ ಅಂತರ 300 ಅಂತ ತುಂಬಿಸಿ, ತಪ್ಪನ್ನೇ ಸರಿ ಮಾಡಿಕೊಂಡಂತಾಗುತ್ತಿತ್ತು. ಆ ಸಾಲಿನ ಫೋಟೊವನ್ನು ಹತ್ತಿರದಿಂದ ಮತ್ತೆ ತೆಗೆಸಿ.

ಬಾಕಿಯನ್ನು ನೀವೇ ತಿದ್ದಲು ಹೋಗಬೇಡಿ. ಉತ್ತರ ಹೀಗಿರಲಿ: ‘ಉದ್ರಿ ಮೊತ್ತ 1,758. ಆದರೆ 16ನೇ ತಾರೀಕಿನ ಬಾಕಿ 1,885 ಅಂತಿದೆ, ನನ್ನ ಲೆಕ್ಕಕ್ಕೆ 1,858 ಬರುತ್ತದೆ. ಚೀಟಿ ನೋಡಿ. ಅಲ್ಲಿಯವರೆಗೆ 1,525 ವಸೂಲು ಮಾಡಬೇಡಿ.’